ಅಚ್ಚು ಬೆಲ್ಲದ ಹಿಂದಿನ ಕಥೆಯನ್ನು ಕೊಳ್ಳುವವರಿಗೆ ಹೇಳುವುದು ಹೇಗೆ: ಆಲೆಮನೆಯವರಿಗೆ ಒಂದು ಮಾರ್ಗದರ್ಶಿ

ಸ್ವಂತ ಆಲೆಮನೆಯಿಂದ ನೇರವಾಗಿ ಮನೆಗಳಿಗೆ ಬೆಲ್ಲ ಮಾರಲು ಹೊರಟ ಮಂಡ್ಯದ ಕಡೆಯ ಓದುಗರು ಹೆಚ್ಚುಕಡಿಮೆ ಒಂದೇ ಮಾತನ್ನು ಕೇಳುತ್ತಾರೆ. ತಮ್ಮ ಬೆಲ್ಲ ಕಂದು ಬಣ್ಣದ್ದು, ಅಂಗಡಿಯ ಹೊಳೆಯುವ ಹಳದಿ ಬೆಲ್ಲದ ಪಕ್ಕದಲ್ಲಿಟ್ಟರೆ ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ತಯಾರಿಕೆಯ ಕಥೆ ಹೇಳಿದರೆ ಕೊಳ್ಳುವವರಿಗೆ ನಂಟು ಬೆಳೆಯುತ್ತದೆ ಎಂದು ಎಲ್ಲರೂ ಸಲಹೆ ಕೊಡುತ್ತಾರೆ, ಆದರೆ ಯಾವ ಕಥೆ, ಎಲ್ಲಿಂದ ಶುರು ಮಾಡಬೇಕು, ಎಷ್ಟು ಹೇಳಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಈ ಲೇಖನದಲ್ಲಿ ಅದನ್ನೇ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲೇ ನನ್ನ ಅಭಿಪ್ರಾಯವನ್ನು ತಿಳಿಸುತ್ತೇನೆ. ಕೊಳ್ಳುವವರ ಮನಸ್ಸನ್ನು ತಟ್ಟುವುದು ‘ಪ್ರೀತಿಯಿಂದ ತಯಾರಿಸಿದ್ದು’ ಎಂಬಂಥ ಮಾತಲ್ಲ. ಕುದಿಯುವ ಕೊಪ್ಪರಿಗೆಯ ಮುಂದೆ ನಿಂತ ಒಬ್ಬ ವ್ಯಕ್ತಿ ಒಂದು ಗಳಿಗೆಯಲ್ಲಿ ತೆಗೆದುಕೊಂಡ ತೀರ್ಮಾನ, ಮತ್ತು ಆ ತೀರ್ಮಾನದ ಗುರುತು ತಮ್ಮ ಕೈಯಲ್ಲಿರುವ ಅಚ್ಚಿನಲ್ಲೇ ಕಾಣುತ್ತದೆ ಎಂಬ ಅರಿವು, ಇವೆರಡು ಸೇರಿದಾಗ ನಂಟು ಹುಟ್ಟುತ್ತದೆ. ಮುಂದಿನ ಎಲ್ಲ ಹಂತಗಳೂ ಇದನ್ನೇ ಆಧರಿಸಿವೆ.

ಬೇಕಾಗುವುವು

ಕ್ಯಾಮೆರಾ ಚೆನ್ನಾಗಿರುವ ಒಂದು ಮೊಬೈಲು, ಒಂದು ನೋಟುಪುಸ್ತಕ, ಗೋಡೆ ಗಡಿಯಾರ, ತೂಕದ ಯಂತ್ರ, ಸಾಧ್ಯವಾದರೆ ಪಾಕದ ಉಷ್ಣತೆಯನ್ನು ಅಳೆಯುವ ಥರ್ಮಾಮೀಟರು. ಇವುಗಳ ಜೊತೆಗೆ ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ ಆಲೆಮನೆಯಲ್ಲಿ ಕುಳಿತು ನೋಡಲು ಒಂದು ಪೂರ್ತಿ ದಿನ ಬೇಕು. ಈ ಕೊನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ದಿನವೂ ನೋಡುವ ಕೆಲಸವನ್ನು ಬರೆದಿಟ್ಟುಕೊಳ್ಳುವ ಅಗತ್ಯವಿಲ್ಲ ಎನಿಸುತ್ತದೆ. ಆದರೆ ದಿನವೂ ನೋಡುವ ಕಾರಣಕ್ಕೇ ಹೊರಗಿನವರಿಗೆ ಸೋಜಿಗವಾಗುವ ಸಂಗತಿಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಹಂತ 1: ಕೊಳ್ಳುವವರು ನಿಜವಾಗಿ ಕೇಳುವ ಪ್ರಶ್ನೆಯನ್ನು ಹಿಡಿಯಿರಿ

ಕಥೆಯನ್ನು ನಿಮ್ಮ ಆಲೆಮನೆಯ ಇತಿಹಾಸದಿಂದ ಆರಂಭಿಸಬೇಡಿ. ಕಳೆದ ಒಂದೆರಡು ತಿಂಗಳಲ್ಲಿ ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಸಂತೆಯಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಪುಸ್ತಕದಲ್ಲಿ ಬರೆದುಕೊಳ್ಳಿ. ಬೆಲ್ಲದ ವಿಷಯದಲ್ಲಿ ಪ್ರಶ್ನೆಗಳು ಹೆಚ್ಚೇನೂ ಇರುವುದಿಲ್ಲ: ಇದು ಯಾಕೆ ಇಷ್ಟು ಕಪ್ಪು? ಪಾಯಸಕ್ಕೆ ಹಾಕಿದರೆ ಹಾಲು ಒಡೆಯುತ್ತದೆಯೇ? ಮಳೆಗಾಲದಲ್ಲಿ ಯಾಕೆ ನೀರು ಬಿಡುತ್ತದೆ? ಹೋದ ಸಲದ್ದಕ್ಕೂ ಈ ಸಲದ್ದಕ್ಕೂ ಬಣ್ಣ ಯಾಕೆ ಬೇರೆ?

ಇವುಗಳಲ್ಲಿ ಹೆಚ್ಚು ಸಲ ಬಂದ ಒಂದನ್ನು ಆರಿಸಿಕೊಳ್ಳಿ. ಈ ಲೇಖನದ ಉದಾಹರಣೆಗೆ ಬಣ್ಣದ ಪ್ರಶ್ನೆಯನ್ನೇ ತೆಗೆದುಕೊಂಡಿದ್ದೇನೆ. ಪ್ರಶ್ನೆಯ ಹಿಂದೆ ಒಂದು ಸಂಶಯ ಇರುತ್ತದೆ ಎಂಬುದನ್ನು ಮರೆಯಬೇಡಿ. ‘ಯಾಕೆ ಕಪ್ಪು’ ಎಂದು ಕೇಳುವವರು ನಿಜವಾಗಿ ಕೇಳುತ್ತಿರುವುದು ‘ಇದು ಹಳೆಯದೋ, ಸೀದದ್ದೋ, ಕೊಳಕೋ’ ಎಂದು. ಆ ಸಂಶಯಕ್ಕೆ ಉತ್ತರ ಕೊಡದ ಕಥೆ ಎಷ್ಟೇ ಚೆಂದವಿದ್ದರೂ ಮಾರಾಟಕ್ಕೆ ಉಪಯೋಗವಿಲ್ಲ.

ಹಂತ 2: ಒಂದು ಕೊಪ್ಪರಿಗೆಯ ದಿನಚರಿ ಬರೆಯಿರಿ

ಕಬ್ಬು ಕಡಿದ ಹೊತ್ತಿನಿಂದ ಅಚ್ಚು ಕಳಚುವ ಹೊತ್ತಿನವರೆಗೆ ನಡೆಯುವುದನ್ನೆಲ್ಲ ಗಂಟೆ, ತೂಕ ಮತ್ತು ಆ ಕೆಲಸ ಮಾಡಿದವರ ಹೆಸರಿನೊಡನೆ ಬರೆಯಿರಿ. ಇದು ಪ್ರಕಟಿಸುವುದಕ್ಕಲ್ಲ, ನಿಮ್ಮ ಕಚ್ಚಾ ಸಾಮಗ್ರಿ. ಹೊಸಬರಿಗಾಗಿ ಆ ದಿನದಲ್ಲಿ ಏನೇನು ದಾಖಲಾಗಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕಥೆಯ ತಿರುಳೆಲ್ಲ ಇಲ್ಲಿಯೇ ಇದೆ.

ಕಬ್ಬಿನ ತಳಿ ಯಾವುದು, ಅದು ಯಾವ ಹೊಲದ್ದು, ಕಡಿದ ಮೇಲೆ ಎಷ್ಟು ಗಂಟೆಗೆ ಗಾಣಕ್ಕೆ ಬಿತ್ತು ಎಂಬುದನ್ನು ಮೊದಲು ಬರೆಯಿರಿ. ಕಡಿದ ಕಬ್ಬನ್ನು ಒಂದು ದಿನಕ್ಕಿಂತ ಹೆಚ್ಚು ಕಾಲ ಬಿಟ್ಟರೆ ಅದರೊಳಗಿನ ಸಕ್ಕರೆಯ ಒಂದು ಭಾಗ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಅಂಥ ಹಾಲಿನಿಂದ ಮಾಡಿದ ಬೆಲ್ಲ ಸರಿಯಾಗಿ ಗಟ್ಟಿಯಾಗುವುದಿಲ್ಲ, ಮಳೆಗಾಲದಲ್ಲಿ ಬೇಗ ನೀರು ಬಿಡುತ್ತದೆ. (ಆಲೆಮನೆಯವರಲ್ಲದವರಿಗೆ: ಕಬ್ಬಿನ ರಸವನ್ನು ಇಲ್ಲಿ ಹಾಲು ಎನ್ನುತ್ತೇವೆ, ಹಿಂಡಿ ಉಳಿದ ಸಿಪ್ಪೆಯನ್ನು ರಚ್ಚು ಎನ್ನುತ್ತೇವೆ. ನಿಮ್ಮ ಕಥೆಯಲ್ಲಿಯೂ ಈ ಪದಗಳನ್ನು ಬಿಡಬೇಡಿ. ಮೊದಲ ಸಲ ಬಂದಾಗ ಒಂದು ಮಾತಿನಲ್ಲಿ ಅರ್ಥ ಕೊಟ್ಟರೆ ಸಾಕು.)

ಅನಂತರ ಹಾಲು ಕೊಪ್ಪರಿಗೆಗೆ ಬಂದ ಹೊತ್ತು. ಹಾಲಿನ ಹುಳಿ ತಗ್ಗಲೆಂದು ಸುಣ್ಣದ ತಿಳಿನೀರನ್ನು ಎಷ್ಟು ಹಾಕಿದಿರಿ, ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿ ತೆಗೆದ ಲೋಳೆಯನ್ನು ಯಾವಾಗ ಹಾಕಿದಿರಿ, ಹಾಲು ಕುದಿಯುವ ಮೊದಲು ಮೇಲೆದ್ದ ಮಡ್ಡಿಯನ್ನು ಎಷ್ಟು ಸಲ ತೆಗೆದಿರಿ ಎಂಬುದನ್ನು ಬರೆಯಿರಿ. ಲೋಳೆಯು ಹಾಲಿನಲ್ಲಿ ತೇಲುವ ಸಣ್ಣ ಕಸವನ್ನು ತನ್ನೊಡನೆ ಕಟ್ಟಿಕೊಂಡು ಮೇಲಕ್ಕೆ ತರುತ್ತದೆ. ನೊರೆ ಉಕ್ಕಿದಾಗ ಒಂದಿಷ್ಟು ಎಣ್ಣೆ ಬಿಡುವ ಪದ್ಧತಿ ನಿಮ್ಮಲ್ಲಿದ್ದರೆ ಅದು ಯಾವ ಎಣ್ಣೆ, ಎಷ್ಟು ಎಂಬುದನ್ನೂ ಬರೆಯಿರಿ.

ಕೊನೆಗೆ ಪಾಕ. ಅಚ್ಚು ಬೆಲ್ಲಕ್ಕೆ ಪಾಕ ಇಳಿಸುವ ಉಷ್ಣತೆ ಸುಮಾರು 116ರಿಂದ 118 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರು ಇಲ್ಲದೆಯೂ ಪಾಕ ನೋಡುವವರು ಅದನ್ನು ಹಿಡಿಯುತ್ತಾರೆ: ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಗಟ್ಟಿ ಜಾಗಕ್ಕೆ ಎಸೆದು ಸದ್ದು ಕೇಳುತ್ತಾರೆ. ಇಳಿಸಿದ ಗಂಟೆ, ಅಚ್ಚಿಗೆ ತುಂಬಿದ ಗಂಟೆ, ಬಂದ ಬೆಲ್ಲದ ತೂಕ, ಇಷ್ಟನ್ನು ಬರೆದರೆ ದಿನಚರಿ ಮುಗಿಯಿತು.

ಉದಾಹರಣೆಗೆ ಒಂದು ಟನ್ ಕಬ್ಬು ಅರೆದ ಲೆಕ್ಕವನ್ನು ನೋಡೋಣ. ಸುಮಾರು 600 ಕಿಲೋ ಹಾಲು ಬರುತ್ತದೆ, ಅದರಿಂದ ಸುಮಾರು 100 ಕಿಲೋ ಬೆಲ್ಲ ಆಗುತ್ತದೆ. ಉಳಿದುದರಲ್ಲಿ ಸ್ವಲ್ಪ ಮಡ್ಡಿಯಾಗಿ ಹೊರಗೆ ಹೋದರೆ ಮಿಕ್ಕಿದ್ದೆಲ್ಲ ಆವಿಯಾಗಿ ಹೋಗುತ್ತದೆ. ಅಂದರೆ ಒಂದು ಕಿಲೋ ಬೆಲ್ಲದ ಹಿಂದೆ ಹತ್ತು ಕಿಲೋ ಕಬ್ಬು, ಆರು ಕಿಲೋ ಹಾಲು, ಹತ್ತಿರ ಹತ್ತಿರ ಐದು ಕಿಲೋ ಆವಿ ಇದೆ. ನಿಮ್ಮ ಗಾಣ, ತಳಿ ಮತ್ತು ಹಂಗಾಮಿಗೆ ತಕ್ಕಂತೆ ಈ ಅಂಕಿ ಬದಲಾಗುತ್ತದೆ; ಆದ್ದರಿಂದ ನನ್ನ ಅಂಕಿಯನ್ನು ನಕಲು ಮಾಡದೆ ನಿಮ್ಮದನ್ನು ತೂಗಿ ನೋಡಿ. ಇಡೀ ದಿನಚರಿಯಲ್ಲಿ ಕೊಳ್ಳುವವರ ನೆನಪಿನಲ್ಲಿ ಬಹುಕಾಲ ಉಳಿಯುವ ಅಂಕಿ ಇದೊಂದೇ ಆಗಿರಬಹುದು.

ಹಂತ 3: ದಿನಚರಿಯಿಂದ ಒಂದೇ ಒಂದು ಗಳಿಗೆಯನ್ನು ಆರಿಸಿಕೊಳ್ಳಿ

ಇಲ್ಲಿ ಆಗುವ ಸಾಮಾನ್ಯ ತಪ್ಪು ಎಂದರೆ ಕಬ್ಬು ನೆಡುವುದರಿಂದ ಪೊಟ್ಟಣ ಕಟ್ಟುವವರೆಗೆ ಎಲ್ಲವನ್ನೂ ತೋರಿಸುವುದು. ಅದು ಪಠ್ಯಪುಸ್ತಕದ ಪಾಠವಾಗುತ್ತದೆಯೇ ಹೊರತು ಕಥೆಯಾಗುವುದಿಲ್ಲ. ಹಂತ 1ರಲ್ಲಿ ಆರಿಸಿದ ಪ್ರಶ್ನೆಗೆ ಉತ್ತರವಾಗುವ ಮತ್ತು ತೀರ್ಮಾನವೊಂದನ್ನು ಬೇಡುವ ಗಳಿಗೆ ಯಾವುದು ಎಂದು ಹುಡುಕಿ.

ಬಣ್ಣದ ಪ್ರಶ್ನೆಗೆ ಅಂಥ ಎರಡು ಗಳಿಗೆಗಳಿವೆ. ಮೊದಲನೆಯದು, ಬಣ್ಣ ತಿಳಿಯಾಗಿಸಲು ಹೈಡ್ರೋಸ್ ಹಾಕಬೇಕೋ ಬೇಡವೋ ಎಂಬ ತೀರ್ಮಾನ. ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಬಿಳಿ ಪುಡಿ. ಕುದಿಯುವ ಹಾಲಿಗೆ ಅದನ್ನು ಹಾಕಿದರೆ ಬೆಲ್ಲ ಹೊಳೆಯುವ ಹಳದಿ ಬಣ್ಣಕ್ಕೆ ಬರುತ್ತದೆ, ಮತ್ತು ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ. ಕಬ್ಬಿನ ಬೆಲ್ಲದಲ್ಲಿ ಅದು ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಎರಡನೆಯದು, ಪಾಕವನ್ನು ಯಾವಾಗ ಇಳಿಸಬೇಕು ಎಂಬ ತೀರ್ಮಾನ. ಮೊದಲೇ ಇಳಿಸಿದರೆ ಅಚ್ಚು ಮೆತ್ತಗಾಗುತ್ತದೆ, ತಡವಾದರೆ ತಳ ಹಿಡಿದು ಬಣ್ಣ ಕಪ್ಪಾಗಿ ಸೀದ ರುಚಿ ಬರುತ್ತದೆ. ಅದು ಕೆಲವೇ ನಿಮಿಷಗಳ ಮಾತು, ಮತ್ತು ತೀರ್ಮಾನ ಒಬ್ಬರದ್ದೇ.

ನಾನು ಎರಡನೆಯದನ್ನು ಆರಿಸುತ್ತೇನೆ. ಹೈಡ್ರೋಸ್ ಹಾಕದಿರುವುದು ಒಂದು ‘ಮಾಡದ’ ಕೆಲಸ. ಮಾಡದ ಕೆಲಸವನ್ನು ಚಿತ್ರದಲ್ಲಿ ತೋರಿಸಲಾಗದು, ಅದನ್ನೇ ಕಥೆಯ ನಡುವೆ ಇಟ್ಟರೆ ಮಾತು ಬೇರೆಯವರನ್ನು ದೂರುವ ಕಡೆಗೆ ಜಾರುತ್ತದೆ. ಪಾಕದ ಹದ ನೋಡುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಅದರ ಹಿಂದೆ ಒಬ್ಬರ ವರ್ಷಗಳ ಅನುಭವ ಇರುತ್ತದೆ. ಹೈಡ್ರೋಸಿನ ಮಾತು ಅದೇ ಕಥೆಯೊಳಗೆ ಒಂದು ವಾಕ್ಯವಾಗಿ ಬಂದುಹೋದರೆ ಸಾಕು.

ಎಚ್ಚರಿಕೆ: ‘ಕಪ್ಪಗಿದ್ದರೆ ಶುದ್ಧ, ಹಳದಿಯಾಗಿದ್ದರೆ ವಿಷ’ ಎಂದು ಎಲ್ಲಿಯೂ ಬರೆಯಬೇಡಿ. ಅದು ನಿಜವಲ್ಲ. ಚೌಳು ಮಣ್ಣಿನ ಕಬ್ಬು, ಸುಣ್ಣ ಹೆಚ್ಚಾದದ್ದು, ತಡವಾಗಿ ಇಳಿಸಿದ ಪಾಕ, ಮಡ್ಡಿಯನ್ನು ಸರಿಯಾಗಿ ತೆಗೆಯದಿರುವುದು, ಇವೆಲ್ಲವೂ ಬೆಲ್ಲವನ್ನು ಕಪ್ಪಾಗಿಸುತ್ತವೆ. ಒಳ್ಳೆಯ ಹೊಲದ ಎಳೆಯದಲ್ಲದ, ಬಲಿತ ಕಬ್ಬಿನಿಂದ ಏನೂ ಬೆರೆಸದೆಯೂ ಹೊನ್ನಿನ ಬಣ್ಣದ ಬೆಲ್ಲ ತೆಗೆಯುವವರಿದ್ದಾರೆ. ಕೊಳ್ಳುವವರಿಗೆ ಬಣ್ಣವೇ ಅಳತೆಗೋಲು ಎಂದು ಇವತ್ತು ಕಲಿಸಿದರೆ, ನಾಳೆ ನಿಮ್ಮದೇ ಹೊಲದಿಂದ ತಿಳಿಬಣ್ಣದ ಬೆಲ್ಲ ಬಂದ ದಿನ ಅವರು ನಿಮ್ಮನ್ನೇ ಸಂಶಯಿಸುತ್ತಾರೆ.

ಹಂತ 4: ತೋರಿಸುವ ಮೊದಲು ಸರಿಪಡಿಸಿ, ಕೆಲಸದವರ ಒಪ್ಪಿಗೆ ಪಡೆಯಿರಿ

ಆಲೆಮನೆಯ ಒಳಗನ್ನು ತೋರಿಸುವುದೆಂದರೆ ಅಲ್ಲಿನ ನೊಣ, ತುಕ್ಕು, ಒದ್ದೆ ನೆಲವನ್ನೂ ತೋರಿಸುವುದು. ಮೊದಲು ಒಮ್ಮೆ ಸುಮ್ಮನೆ ಚಿತ್ರೀಕರಿಸಿ, ಆಲೆಮನೆಯನ್ನು ಎಂದೂ ಕಾಣದ ನಿಮ್ಮ ಪರಿಚಯದ ಒಬ್ಬರಿಗೆ ತೋರಿಸಿ, ಅವರು ಮುಖ ಸಿಂಡರಿಸಿದ ಕಡೆಗಳನ್ನೆಲ್ಲ ಗುರುತು ಮಾಡಿಕೊಳ್ಳಿ. ಆ ಕಡೆಗಳನ್ನು ಚಿತ್ರದಿಂದ ಕತ್ತರಿಸುವುದು ಪರಿಹಾರವಲ್ಲ. ಹಾಲಿನ ತೊಟ್ಟಿಗೆ ಮುಚ್ಚಳ, ಅಚ್ಚಿನ ಜಾಗಕ್ಕೆ ಬಲೆ, ಬೆಲ್ಲ ತುಂಬುವವರಿಗೆ ಕೈತೊಳೆಯುವ ನಲ್ಲಿ ಮತ್ತು ತಲೆಗೆ ವಸ್ತ್ರ, ಇಷ್ಟನ್ನಾದರೂ ಮಾಡಿದ ಮೇಲೆ ಮತ್ತೆ ಚಿತ್ರೀಕರಿಸಿ.

ನಮ್ಮ ಕಡೆಯ ಅನೇಕ ಆಲೆಮನೆಗಳಲ್ಲಿ ಬೇರೆ ರಾಜ್ಯಗಳಿಂದ ಬಂದವರು ದುಡಿಯುತ್ತಾರೆ. ಅವರ ಮುಖವನ್ನು ಮಾರಾಟಕ್ಕೆ ಬಳಸುವ ಮೊದಲು ಅವರಿಗೆ ಅರ್ಥವಾಗುವ ಮಾತಿನಲ್ಲಿ ಕೇಳಿ, ಚಿತ್ರ ಎಲ್ಲೆಲ್ಲಿ ಹೋಗುತ್ತದೆ ಎಂದು ಹೇಳಿ, ಬೇಡ ಎಂದವರ ಕೈಗಳನ್ನೂ ಕೆಲಸವನ್ನೂ ಮಾತ್ರ ತೋರಿಸಿ. ಅವರ ಬಡತನವನ್ನು ಕಥೆಯ ಬಂಡವಾಳ ಮಾಡಿಕೊಳ್ಳುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಕರುಣೆಯಿಂದ ಒಮ್ಮೆ ಕೊಂಡವರು ಎರಡನೆಯ ಸಲ ಬರುವುದು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಹದ ಹಿಡಿಯಬಲ್ಲ ಕುಶಲಿಯೊಬ್ಬರನ್ನು ಅಸಹಾಯಕರಂತೆ ತೋರಿಸುವುದು ಅನ್ಯಾಯ.

ಹಂತ 5: ಚಿತ್ರೀಕರಣ

ಒಂದು ನಿಮಿಷ ಮೀರದ, ನಿಲುವಾಗಿ ಹಿಡಿದ ವಿಡಿಯೊ ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಆಲೆಮನೆಯ ಒಳಗೆ ಕತ್ತಲು, ಹೊರಗೆ ಕಣ್ಣು ಕುಕ್ಕುವ ಬೆಳಕು. ಬೆಳಿಗ್ಗೆಯ ಹೊತ್ತು ಬೆಳಕು ಪಕ್ಕದಿಂದ ಬೀಳುವಾಗ ಆವಿ ಚೆನ್ನಾಗಿ ಕಾಣುತ್ತದೆ. ಆವಿಯ ನೇರಕ್ಕೆ ಮೊಬೈಲು ಹಿಡಿದರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ, ಆದ್ದರಿಂದ ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಂತು, ಪ್ರತಿ ಸಲವೂ ಗಾಜನ್ನು ಒರೆಸಿಕೊಳ್ಳಿ. ಪಾಕದ ಹನಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ; ಕೊಪ್ಪರಿಗೆಯ ಅಂಚಿನಿಂದ ಎರಡು ಮಾರು ದೂರದಲ್ಲಿ ನಿಂತು ಚಿತ್ರವನ್ನು ಹಿಗ್ಗಿಸಿಕೊಳ್ಳಿ, ಮಕ್ಕಳ ಕೈಯಲ್ಲಿ ಮೊಬೈಲು ಕೊಟ್ಟು ಒಳಗೆ ಕಳುಹಿಸಬೇಡಿ.

ನಮ್ಮ ಉದಾಹರಣೆಯ ಕಥೆಗೆ ಐದು ತುಣುಕುಗಳು ಬೇಕು. ಮೊದಲು ಪಾಕ ನೋಡುವವರ ಮುಖ, ಕೊಪ್ಪರಿಗೆಯತ್ತ ನೆಟ್ಟ ದೃಷ್ಟಿ. ಅನಂತರ ದಪ್ಪ ಗುಳ್ಳೆಗಳೇಳುತ್ತಿರುವ ಪಾಕ. ಮೂರನೆಯದಾಗಿ ತಣ್ಣೀರಿನಲ್ಲಿ ಉಂಡೆ ಕಟ್ಟುವ ಬೆರಳುಗಳು. ನಾಲ್ಕನೆಯದಾಗಿ ಆ ಉಂಡೆ ಗಟ್ಟಿ ಜಾಗಕ್ಕೆ ಬಿದ್ದು ‘ಟಣ್’ ಎನ್ನುವುದು, ಕೂಡಲೇ ‘ಇಳಿಸಿ’ ಎಂಬ ಕೂಗು. ಕೊನೆಗೆ ಅಚ್ಚಿನಿಂದ ಕಳಚಿದ ಬೆಲ್ಲ. ನಾಲ್ಕನೆಯ ತುಣುಕಿಗೆ ಯಾವ ಹಾಡನ್ನೂ ಸೇರಿಸಬೇಡಿ. ಆ ಸದ್ದೇ ಇಡೀ ಕಥೆಯ ನಡುಗಂಬ, ಅದರ ಮೇಲೆ ಸಂಗೀತ ಹೊದಿಸಿದರೆ ಉಳಿಯುವುದು ಬರಿಯ ಜಾಹೀರಾತು. ಎಂಜಿನಿನ ಸದ್ದು ಜೋರಾಗಿದ್ದರೆ ಗಾಣ ನಿಂತಿರುವಾಗ ಇಳಿಯುವ ಕೊಪ್ಪರಿಗೆಯನ್ನು ಕಾದು ಚಿತ್ರೀಕರಿಸಿ.

ಎತ್ತಿನ ಗಾಣದ ಹಳೆಯ ಚಿತ್ರಗಳನ್ನು ಎಲ್ಲಿಂದಲೋ ತಂದು ಸೇರಿಸುವ ಚಾಳಿ ಹೆಚ್ಚಾಗಿದೆ. ನಿಮ್ಮ ಗಾಣ ಡೀಸೆಲ್ಲಿನದೋ ಕರೆಂಟಿನದೋ ಆಗಿದ್ದರೆ ಅದನ್ನೇ ತೋರಿಸಿ. ಒಲೆಗೆ ಒಣಗಿದ ರಚ್ಚಿನ ಜೊತೆಗೆ ಬೇರೇನನ್ನಾದರೂ ಉರಿಸುತ್ತಿದ್ದರೆ, ಕ್ಯಾಮೆರಾ ಬಂದ ದಿನ ಮಾತ್ರ ರಚ್ಚು ಉರಿಸಿ ತೋರಿಸುವುದು ಮೋಸ. ಹಬ್ಬಕ್ಕೆಂದು ಬಂದ ನೆಂಟರೊಬ್ಬರು ಹಾಕಿದ ಒಂದು ಚಿತ್ರ ಸಾಕು, ಅಂಥ ಕಥೆ ಕುಸಿಯಲು.

ಹಂತ 6: ಬರವಣಿಗೆ

ಪೊಟ್ಟಣದೊಳಗೆ ಇಡುವ ಚೀಟಿಗೆ ಆರೇಳು ವಾಕ್ಯ ಸಾಕು. ಮೊದಲು, ಹೆಚ್ಚಿನವರು ಬರೆಯುವ ಬಗೆಯನ್ನು ನೋಡಿ:

> ‘ನಮ್ಮ ಪೂರ್ವಜರ ಪರಂಪರೆಯ ಸವಿಯನ್ನು ನಿಮ್ಮ ಮನೆಗೆ ತರುತ್ತಿದ್ದೇವೆ. ಪ್ರೀತಿ ಮತ್ತು ಶ್ರದ್ಧೆಯಿಂದ ತಯಾರಿಸಿದ, ನೂರಕ್ಕೆ ನೂರು ಶುದ್ಧ, ಆರೋಗ್ಯಕರ, ರಾಸಾಯನಿಕಮುಕ್ತ ಬೆಲ್ಲ.’

ಇದರಲ್ಲಿ ಸುಳ್ಳು ಇಲ್ಲದಿರಬಹುದು, ಆದರೆ ಇದನ್ನು ಯಾರು ಬೇಕಾದರೂ ಯಾವ ಬೆಲ್ಲಕ್ಕಾದರೂ ಅಂಟಿಸಬಹುದು. ಓದುವವರಿಗೆ ಕಾಣಲು ಒಂದು ಮುಖವಿಲ್ಲ, ತಮ್ಮ ಅಚ್ಚಿನಲ್ಲಿ ಪರೀಕ್ಷಿಸಿ ನೋಡಲು ಏನೂ ಇಲ್ಲ. ಈಗ ದಿನಚರಿಯಿಂದ ಎತ್ತಿದ, ಮಾದರಿಗಾಗಿ ನಾನು ಬರೆದ ಚೀಟಿ:

> ‘ಈ ಅಚ್ಚು ಡಿಸೆಂಬರ್ 14ರ ಎರಡನೆಯ ಕೊಪ್ಪರಿಗೆಯದು. ಬೆಳಿಗ್ಗೆ ಕಡಿದ ಕಬ್ಬನ್ನು ಮಧ್ಯಾಹ್ನವೇ ಗಾಣಕ್ಕೆ ಕೊಟ್ಟೆವು. ಮೂರು ಗಂಟೆ ಕುದಿದ ಮೇಲೆ ನಮ್ಮ ದೊಡ್ಡಪ್ಪ ಪಾಕದ ಉಂಡೆಯನ್ನು ಕಲ್ಲಿಗೆ ಎಸೆದರು. ಮೊದಲನೆಯ ಸಲ ಸದ್ದು ಬರಲಿಲ್ಲ, ಎರಡನೆಯ ಸಲ ಬಂತು, ಆಗ ಇಳಿಸಿದೆವು. ಬಣ್ಣ ತಿಳಿಯಾಗಿಸಲು ನಾವು ಏನನ್ನೂ ಹಾಕುವುದಿಲ್ಲ, ಆದ್ದರಿಂದ ಪ್ರತಿ ಕೊಪ್ಪರಿಗೆಯ ಬಣ್ಣ ತುಸು ಬೇರೆ ಇರುತ್ತದೆ, ಇದು ಕಂದು. ಅಚ್ಚನ್ನು ಮುರಿದು ನೋಡಿ: ಒಳಗೆ ಸಣ್ಣ ಹರಳುಗಳು ಕಂಡರೆ ಹದ ಸರಿಯಾಗಿ ಬಂದಿದೆ ಎಂದು ಅರ್ಥ. ಅಂಟಂಟಾಗಿ ಎಳೆ ಬಂದರೆ ದಯವಿಟ್ಟು ನಮಗೆ ತಿಳಿಸಿ.’

ಈ ಚೀಟಿಯಲ್ಲಿ ಪ್ರೀತಿ, ಶ್ರದ್ಧೆ ಎಂಬ ಪದಗಳು ಎಲ್ಲಿಯೂ ಇಲ್ಲ. ‘ಮೊದಲನೆಯ ಸಲ ಸದ್ದು ಬರಲಿಲ್ಲ’ ಎಂಬ ಮಾತೇ ಶ್ರದ್ಧೆಯನ್ನು ಹೇಳುತ್ತದೆ, ಏಕೆಂದರೆ ಕಾಯುವುದು ಅದರಲ್ಲಿ ಕಾಣುತ್ತದೆ. ಮುರಿದು ನೋಡಿ ಎಂಬ ವಾಕ್ಯ ಓದುಗರ ಕೈಗೆ ಒಂದು ಕೆಲಸ ಕೊಡುತ್ತದೆ. ಅದನ್ನು ಮಾಡಿ ನೋಡಿದವರಿಗೆ ದೊಡ್ಡಪ್ಪನ ಕಿವಿಗೂ ತಮ್ಮ ಅಡುಗೆಮನೆಗೂ ನಡುವೆ ಒಂದು ದಾರಿ ತೆರೆಯುತ್ತದೆ. ಕೊನೆಯ ವಾಕ್ಯ ಮಾರುವವರನ್ನು ಹೊಣೆಗೆ ಕಟ್ಟಿಹಾಕುತ್ತದೆ, ಆದ್ದರಿಂದ ದೂರು ಬಂದರೆ ಬದಲಿ ಕೊಡುವ ಮನಸ್ಸಿದ್ದರೆ ಮಾತ್ರ ಅದನ್ನು ಬರೆಯಿರಿ.

ದೊಡ್ಡಪ್ಪನ ಬದಲು ನಿಮ್ಮಲ್ಲಿ ಕೂಲಿಗೆ ಬಂದ ಕುಶಲಿ ಪಾಕ ನೋಡುತ್ತಿದ್ದರೆ ಅವರನ್ನೇ, ಅವರು ಒಪ್ಪಿದ ಹೆಸರಿನಿಂದ ಬರೆಯಿರಿ. ಮನೆಯವರೇ ಮಾಡಿದರೆಂದು ಬದಲಾಯಿಸುವುದು ಬೇಡ.

ಹಂತ 7: ಬರೆದ ಪ್ರತಿ ಮಾತನ್ನೂ ಕಾನೂನಿನ ಮುಂದೆ ನಿಲ್ಲಿಸಿ ನೋಡಿ

ಕಥೆಯೂ ಜಾಹೀರಾತೇ ಎಂದು ಹಲವರು ತಿಳಿದಿರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ತಡೆಯುತ್ತದೆ. ಆಹಾರದ ಬಗ್ಗೆ ಏನನ್ನು ಹೇಳಿಕೊಳ್ಳಬಹುದು ಎಂಬುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಿವೆ. ಚೀಟಿಯಲ್ಲಿರಲಿ, ವಿಡಿಯೊದಲ್ಲಿರಲಿ, ಮೂರು ಬಗೆಯ ಮಾತುಗಳ ಬಗ್ಗೆ ಜಾಗ್ರತೆ ಬೇಕು.

ಒಂದು, ಕಾಯಿಲೆಯ ಮಾತು. ‘ಸಕ್ಕರೆ ಕಾಯಿಲೆಯವರೂ ತಿನ್ನಬಹುದು’ ಎಂದು ಎಂದಿಗೂ ಬರೆಯಬೇಡಿ. ಬೆಲ್ಲದಲ್ಲಿ ಇರುವುದು ಮುಖ್ಯವಾಗಿ ಸಕ್ಕರೆಯೇ, ಅದು ರಕ್ತದಲ್ಲಿನ ಸಕ್ಕರೆಯ ಪ್ರಮಾಣವನ್ನು ಏರಿಸುತ್ತದೆ. ನಿಮ್ಮ ಮಾತನ್ನು ನಂಬಿ ತಿಂದವರಿಗೆ ಆಗುವ ಹಾನಿಗೆ ಯಾವ ಕಥೆಯೂ ಪರಿಹಾರವಲ್ಲ. ಎರಡು, ಸಾವಯವ ಎಂಬ ಪದ. ಕಬ್ಬಿಗೆ ರಸಗೊಬ್ಬರ ಹಾಕಿ, ಆಲೆಮನೆಯಲ್ಲಿ ಮಾತ್ರ ಏನನ್ನೂ ಬೆರೆಸದಿದ್ದರೆ ಅದು ಸಾವಯವ ಬೆಲ್ಲವಲ್ಲ. ಪ್ರಮಾಣಪತ್ರವಿಲ್ಲದೆ ‘ಜೈವಿಕ್ ಭಾರತ್’ ಎಂಬ ಸಾವಯವ ಆಹಾರದ ಗುರುತನ್ನು ಪೊಟ್ಟಣದ ಮೇಲೆ ಹಾಕುವಂತಿಲ್ಲ. ಮೂರು, ‘ರಾಸಾಯನಿಕಮುಕ್ತ’ ಎಂಬ ಪದ. ನೀವು ಹಾಕುವ ಸುಣ್ಣವೂ ರಾಸಾಯನಿಕವೇ ಎಂದು ಯಾರಾದರೂ ಕೇಳಿದರೆ ಉತ್ತರವಿರುವುದಿಲ್ಲ. ‘ಸುಣ್ಣದ ತಿಳಿನೀರು ಮತ್ತು ಬೆಂಡೆಯ ಲೋಳೆ ಹಾಕುತ್ತೇವೆ, ಹೈಡ್ರೋಸ್ ಹಾಕುವುದಿಲ್ಲ’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರೆ ಮಾತು ಚಿಕ್ಕದಾದರೂ ಗಟ್ಟಿಯಾಗಿರುತ್ತದೆ. ಹಂಗಾಮಿಗೆ ಒಮ್ಮೆಯಾದರೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಗಂಧಕದ ಡೈಆಕ್ಸೈಡಿನ ಪರೀಕ್ಷೆ ಮಾಡಿಸಿ, ವರದಿಯ ಚಿತ್ರವನ್ನು ಕೇಳಿದವರಿಗೆ ಕಳುಹಿಸಲು ಇಟ್ಟುಕೊಳ್ಳಿ.

ಬೇರೆಯವರಿಂದ ಕೊಂಡ ಬೆಲ್ಲವನ್ನೂ ನಿಮ್ಮ ಪೊಟ್ಟಣದಲ್ಲಿ ಮಾರುತ್ತಿದ್ದರೆ ನಿಮ್ಮ ಆಲೆಮನೆಯ ಕಥೆಯ ಚೀಟಿಯನ್ನು ಅದರೊಳಗೆ ಇಡಬಾರದು. ಬೇಡಿಕೆ ಏರಿದ ಸಂಕ್ರಾಂತಿಯ ವಾರದಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ.

ಹಂತ 8: ಕಥೆಯನ್ನು ಅಚ್ಚಿಗೆ ಕಟ್ಟಿ

ಪ್ರತಿ ಕೊಪ್ಪರಿಗೆಗೆ ಒಂದು ಸಂಖ್ಯೆ ಕೊಡಿ: ದಿನಾಂಕದ ಮುಂದೆ ಆ ದಿನದ ಎಷ್ಟನೆಯ ಕೊಪ್ಪರಿಗೆ ಎಂಬುದನ್ನು ಬರೆದರೆ ಸಾಕು. ಅದೇ ಸಂಖ್ಯೆ ಪೊಟ್ಟಣದ ಮೇಲೆ, ಚೀಟಿಯಲ್ಲಿ, ನಿಮ್ಮ ದಿನಚರಿಯಲ್ಲಿ ಇರಬೇಕು. ಚೀಟಿಯ ನಾಲ್ಕು ವಾಕ್ಯ ಎಂದಿನಂತೆ ಇದ್ದು, ದಿನಾಂಕ, ಕೊಪ್ಪರಿಗೆ, ಬಣ್ಣ ಮತ್ತು ಆ ದಿನದ ಒಂದು ವಿಶೇಷವನ್ನು ಮಾತ್ರ ಕೈಯಲ್ಲಿ ತುಂಬುವಂತೆ ಅಚ್ಚು ಹಾಕಿಸಿದರೆ ಕೆಲಸ ಹಗುರ. ಕೈಬರಹದ ಜಾಗವನ್ನು ಖಾಲಿ ಬಿಟ್ಟು ಕಳುಹಿಸಬೇಡಿ. ಖಾಲಿ ಜಾಗ ಇಡೀ ಚೀಟಿಯನ್ನೇ ನಂಬದಂತೆ ಮಾಡುತ್ತದೆ.

ಒಂದು ಕೊಪ್ಪರಿಗೆಯ ಹದ ತಪ್ಪಿದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ತಿನ್ನಲು ಅಡ್ಡಿಯಿಲ್ಲದ, ಕೇವಲ ಮೆತ್ತಗಾದ ಬೆಲ್ಲವಾದರೆ ಬೆಲೆ ತಗ್ಗಿಸಿ, ಕಾರಣವನ್ನು ಚೀಟಿಯಲ್ಲಿ ಹೇಳಿಯೇ ಮಾರಿ: ‘ಈ ದಿನ ಪಾಕ ಎರಡು ನಿಮಿಷ ಮೊದಲೇ ಇಳಿಯಿತು, ಅಚ್ಚು ಮೆತ್ತಗಿದೆ, ಒಂದು ತಿಂಗಳೊಳಗೆ ಬಳಸಿ.’ ಸೀದ ರುಚಿ ಬಂದದ್ದನ್ನು ಮನೆಗಳಿಗೆ ಕಳುಹಿಸಲೇಬಾರದು. ನನ್ನ ಅನುಭವದಲ್ಲಿ, ಹದ ತಪ್ಪಿದ ದಿನದ ಚೀಟಿಯನ್ನು ಓದಿದ ಮೇಲೆಯೇ ಜನ ಉಳಿದ ದಿನಗಳ ಚೀಟಿಯನ್ನು ನಂಬತೊಡಗುತ್ತಾರೆ.

ಹಂತ 9: ಫಲಿತವನ್ನು ಪ್ರಶ್ನೆಗಳಲ್ಲಿ ನೋಡಿ

ವಿಡಿಯೊವನ್ನು ಎಷ್ಟು ಜನ ನೋಡಿದರು ಎಂಬುದು ಬೆಲ್ಲದ ಮಾರಾಟದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಹಂತ 1ರ ಪುಸ್ತಕವನ್ನು ಮತ್ತೆ ತೆಗೆಯಿರಿ. ‘ಯಾಕೆ ಕಪ್ಪು’ ಎಂಬ ಪ್ರಶ್ನೆ ಕಡಿಮೆಯಾಗಿ, ‘ಈ ಸಲದ್ದು ಯಾವ ಕೊಪ್ಪರಿಗೆಯದು’, ‘ಹೋದ ಸಲದ ಹೊಲದ್ದೇ ಇದೆಯೇ’ ಎಂಬ ಪ್ರಶ್ನೆಗಳು ಬರತೊಡಗಿದರೆ ಕಥೆ ಮುಟ್ಟಿದೆ. ಪ್ರಶ್ನೆಗಳು ಬೆಲೆಯ ಸುತ್ತಲೇ ನಿಂತಿದ್ದರೆ ನೀವು ಆರಿಸಿದ ಗಳಿಗೆ ಅವರ ಸಂಶಯಕ್ಕೆ ಉತ್ತರ ಕೊಟ್ಟಿಲ್ಲ. ಹಂತ 3ಕ್ಕೆ ಹಿಂದಿರುಗಿ ಬೇರೆ ಗಳಿಗೆಯನ್ನು ಹುಡುಕಿ. ಎರಡನೆಯ ಸಲ ಕೊಂಡವರ ಹೆಸರಿನ ಮುಂದೆ ಒಂದು ಗುರುತು ಹಾಕುತ್ತ ಹೋಗಿ, ಆರು ತಿಂಗಳಿಗೆ ಒಮ್ಮೆ ಎಣಿಸಿ.

ಒಂದು ಪ್ರಶ್ನೆಗೆ ಉತ್ತರವಾದ ಮೇಲೆ ಎರಡನೆಯ ಕಥೆಗೆ ಕೈಹಾಕಬಹುದು. ಮೇ ತಿಂಗಳ ಕೊನೆಗೆ ಮಳೆಯ ಕಥೆ ಸಿದ್ಧವಿರಬೇಕು, ಏಕೆಂದರೆ ಬೆಲ್ಲ ಗಾಳಿಯ ತೇವವನ್ನು ಹೀರಿಕೊಂಡು ನೀರು ಬಿಡಲು ಆರಂಭಿಸುವುದು ಆಗಲೇ, ದೂರುಗಳು ಬರುವುದೂ ಆಗಲೇ. ದೂರು ಬರುವ ಮೊದಲು ಹಳೆಯ ಗ್ರಾಹಕರಿಗೆ ಹೀಗೊಂದು ಸಂದೇಶ ಕಳುಹಿಸಿ, ಜೊತೆಗೆ ನಿಮ್ಮದೇ ಮನೆಯ ಡಬ್ಬಿಯ ಚಿತ್ರವಿರಲಿ:

> ‘ಮಳೆ ಶುರುವಾಯಿತು. ನಮ್ಮ ಮನೆಯ ಅಚ್ಚುಗಳೂ ಬೆವರಲು ತೊಡಗಿವೆ, ಚಿತ್ರ ನೋಡಿ. ಬೆಲ್ಲವನ್ನು ಒಣಗಿದ ಗಾಜಿನ ಅಥವಾ ಸ್ಟೀಲಿನ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿ, ಒದ್ದೆ ಚಮಚ ಹಾಕಬೇಡಿ. ಮೇಲ್ಮೈ ತುಸು ಅಂಟಾದರೆ ಬಳಸಲು ಅಡ್ಡಿಯಿಲ್ಲ. ಹುಳಿ ವಾಸನೆ ಬಂದರೆ ಅಥವಾ ಬೂಸ್ಟು ಕಂಡರೆ ಬಳಸಬೇಡಿ. ಪೊಟ್ಟಣದ ಮೇಲಿನ ಕೊಪ್ಪರಿಗೆ ಸಂಖ್ಯೆಯನ್ನು ನಮಗೆ ಕಳುಹಿಸಿ, ಆ ದಿನದ ಪುಸ್ತಕ ತೆಗೆದು ನೋಡಿ ಉತ್ತರ ಬರೆಯುತ್ತೇವೆ.’